‘ತಕ್ಷಣದಿಂದ ಜಾರಿ’ ಎಂದರೆ ಯಾವಾಗ?

ಕಾರ್ಖಾನೆಯಲ್ಲಿ ಯಾವುದಾದರೂ ಬಿಡಿಭಾಗದ ಅಳತೆ ಅಥವಾ ಮೆಟೀರಿಯಲ್ ಬದಲಾದರೆ ಡಿಸೈನ್ ವಿಭಾಗ ಒಂದು ಚೀಟಿ ಹೊರಡಿಸುತ್ತದೆ. ಅದಕ್ಕೆ ಎಂಜಿನಿಯರಿಂಗ್ ಚೇಂಜ್ ನೋಟಿಸ್ ಎನ್ನುತ್ತಾರೆ, ಚಿಕ್ಕದಾಗಿ ಇಸಿಎನ್. ಅದನ್ನು ಬರೆಯುವವರು ಡ್ರಾಯಿಂಗ್ ಬಲ್ಲವರು. ಓದುವವರು ಮಾತ್ರ ಪಂಪು ಜೋಡಿಸುವವರು, ಸ್ಟೋರ್ಸಿನವರು, ಪರ್ಚೇಸಿನವರು. ಎಡವಟ್ಟು ಆಗುವುದು ಇಲ್ಲೇ.

ಪೀಣ್ಯದಂಥ ಕಡೆಯ ಒಂದು ಪಂಪ್ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಬೋರ್ಡಿಗೆ ಅಂಟಿಸಿದ ಇಸಿಎನ್ ಹೀಗಿದೆ: ‘ಕವರ್ ಓ-ರಿಂಗ್ ಮೆಟೀರಿಯಲ್ ಪರಿಷ್ಕರಿಸಲಾಗಿದೆ. ಡ್ರಾಯಿಂಗ್ ರಿವಿಷನ್ ಬಿ ಬದಲು ಸಿ. ಕಾರಣ: ವಿನ್ಯಾಸ ಸುಧಾರಣೆ. ತಕ್ಷಣದಿಂದ ಜಾರಿ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಸ್ಟೋರ್ಸಿನಲ್ಲಿ 1,200 ಹಳೆ ರಿಂಗ್ ಇವೆ, ಸಪ್ಲೈಯರ್‌ಗೆ ಇನ್ನೂ 2,000ಕ್ಕೆ ಆರ್ಡರ್ ಹೋಗಿದೆ, ಟೆಸ್ಟ್ ಬೆಂಚಿನ ಮುಂದೆ 40 ಪಂಪು ಜೋಡಣೆಯಾಗಿ ನಿಂತಿವೆ. ಇವನ್ನೆಲ್ಲ ಏನು ಮಾಡಬೇಕು? ಚೀಟಿಯಲ್ಲಿ ಉತ್ತರವಿಲ್ಲ. ಸೂಪರ್‌ವೈಸರ್ ಡಿಸೈನ್‌ಗೆ ಫೋನ್ ಮಾಡುತ್ತಾರೆ. ಎರಡನೇ ಶಿಫ್ಟಿನವರು ಹಳೆಯದನ್ನೇ ಹಾಕುತ್ತಾ ಹೋಗುತ್ತಾರೆ.

ತಿದ್ದಲು ಕಾರಣದಿಂದಲೇ ಶುರು ಮಾಡಬೇಕು. ಹಳೆಯದು ನೈಟ್ರೈಲ್ ರಬ್ಬರು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಅದಕ್ಕೇನೂ ತೊಂದರೆ ಇಲ್ಲ. ಅದಕ್ಕಿಂತ ಬಿಸಿ ಎಣ್ಣೆಯಲ್ಲಿ ಬಹುಕಾಲ ಇದ್ದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹೊಸದು ವೈಟಾನ್, ಸುಮಾರು 200 ಡಿಗ್ರಿವರೆಗೆ ತಡೆಯುತ್ತದೆ, ಬೆಲೆ ಹಲವು ಪಟ್ಟು. ಹಾಗಾಗಿ ಕಾರಣವನ್ನು ಹೀಗೆ ಬರೆಯಬಹುದು: ‘ಎಣ್ಣೆ 120 ಡಿಗ್ರಿಗೆ ಏರುವ ಹಾಟ್ ಆಯಿಲ್ ಪಂಪಿನಲ್ಲಿ ಹಳೆ ಓ-ರಿಂಗ್ ಗಟ್ಟಿಯಾಗಿ ಕವರಿನಿಂದ ಎಣ್ಣೆ ಸೋರುತ್ತಿದೆ. ಸಾಧಾರಣ ಪಂಪಿನಲ್ಲಿ ಈ ದೂರು ಇಲ್ಲ.’ ಈ ಎರಡನೇ ವಾಕ್ಯ ಪರ್ಚೇಸಿಗೆ ಹಣ ಉಳಿಸುತ್ತದೆ. ಹಳೆ ರಿಂಗ್ ಕೆಟ್ಟ ಮಾಲಲ್ಲ, ಸಾಧಾರಣ ಪಂಪಿಗೆ ಆಗುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಸ್ಕ್ರ್ಯಾಪಿಗೆ ಹಾಕುವ ಮಾತೇ ಬರುವುದಿಲ್ಲ. ತಿಂಗಳಿಗೆ 400 ಖರ್ಚಾಗುತ್ತದೆ ಎಂದಿಟ್ಟುಕೊಂಡರೆ 1,200 ರಿಂಗ್ ಮೂರು ತಿಂಗಳಿಗೆ ಸಾಕು. ಆರ್ಡರಿನಲ್ಲಿ ಈಗಾಗಲೇ ಹೊರಟ 500 ತೆಗೆದುಕೊಂಡು, ಉಳಿದ 1,500 ನಿಲ್ಲಿಸಿ ಎಂದು ಸಪ್ಲೈಯರ್‌ಗೆ ಹೇಳಬಹುದು.

ಮುಂದಿನದು, ಯಾವ ಯಾವ ಭಾಗಕ್ಕೆ ತಾಗುತ್ತದೆ ಎಂಬುದು. ‘ರಿವಿಷನ್ ಸಿ’ ಎಂದಷ್ಟೇ ಬರೆಯುವುದು ಇಲ್ಲಿ ಅಪಾಯ. ಎರಡೂ ರಿಂಗ್ ಕಪ್ಪಗೆ, ಒಂದೇ ಅಳತೆ. ಒಂದೇ ಪಾರ್ಟ್ ನಂಬರಿನಲ್ಲಿ ಒಂದೇ ಬಿನ್ನಿಗೆ ಬಿದ್ದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ತೂಕ ಹಾಕಿದರೆ ವೈಟಾನ್ ಸ್ಪಷ್ಟವಾಗಿ ಭಾರ, ಆದರೆ ಜೋಡಿಸುವವರು ಒಂದೊಂದನ್ನೂ ತೂಗುತ್ತಾ ಕೂರಲಾದೀತೇ? ಹಾಟ್ ಆಯಿಲ್ ಪಂಪಿನಲ್ಲಿ ಹಳೆಯದು ಹೊಸದರ ಜಾಗದಲ್ಲಿ ನಡೆಯುವುದಿಲ್ಲವಾದ್ದರಿಂದ ನಂಬರನ್ನೇ ಬದಲಿಸಬೇಕು: OR-2045 ಸಾಧಾರಣ ಪಂಪಿಗೆ, OR-3112 ಹಾಟ್ ಆಯಿಲ್ ಪಂಪಿಗೆ. ಹೊಸದನ್ನು ಕಂದು ಬಣ್ಣದಲ್ಲೇ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಬಿಡಿಭಾಗವಾಗಿ ಮಾರುವ ಸೀಲ್ ಕಿಟ್. ಅದನ್ನು ಮರೆತರೆ ಹೊಸ ಪಂಪಿಗೆ ಸರ್ವಿಸ್ ಮಾಡುವಾಗ ಹಳೆ ರಿಂಗೇ ಹೋಗಿ ಕೂರುತ್ತದೆ, ಸೋರಿಕೆ ಮತ್ತೆ ಶುರು. ಬದಲಾಗದ್ದನ್ನೂ ಒಂದು ಸಾಲು ಬರೆಯಿರಿ: ‘ಕವರಿನ ಗ್ರೂವ್, ಬೋಲ್ಟ್, ಬಿಗಿ ಮಾಡುವ ಟಾರ್ಕ್ ಮೊದಲಿನಂತೆಯೇ.’ ಇಲ್ಲವಾದರೆ ಮೆಷಿನ್ ಶಾಪಿನವರು ಹೊಸ ಡ್ರಾಯಿಂಗ್ ಬರಲೆಂದು ಕವರಿನ ಕೆಲಸ ನಿಲ್ಲಿಸಿ ಕಾಯಬಹುದು.

ಇನ್ನು ತಾರೀಕು. ಡಿಸೈನಿಗೆ ‘ತಕ್ಷಣ’ ಅಂದರೆ ಸಹಿ ಬಿದ್ದ ದಿನ, ಪರ್ಚೇಸಿಗೆ ಹೊಸ ಆರ್ಡರ್ ಹಾಕುವ ದಿನ, ಜೋಡಿಸುವವರಿಗೆ ಹೊಸ ರಿಂಗ್ ಕೈಗೆ ಬಂದ ದಿನ. ಹಾಗಾಗಿ ಒಂದೊಂದಕ್ಕೂ ಒಂದೊಂದು ದಿನ ಕೊಡಬೇಕು: ‘ಹಳೆ ಆರ್ಡರ್ ನಿಲ್ಲಿಸುವುದು: ಮೇ 26. ಹೊಸ ಲಾಟ್ ಇನ್‌ಸ್ಪೆಕ್ಷನ್ ಮುಗಿಯುವುದು: ಜೂನ್ 12. ಜೋಡಣೆ: ಜೂನ್ 16, ಮೊದಲ ಶಿಫ್ಟ್, ಸೀರಿಯಲ್ ನಂಬರ್ 4501ರಿಂದ. ಟೆಸ್ಟಿಗೆ ಕಾದಿರುವ 40 ಹಾಟ್ ಆಯಿಲ್ ಪಂಪು: ಹೊರಗೆ ಕಳಿಸಬೇಡಿ, ಕವರ್ ಬಿಚ್ಚಿ ಹೊಸ ರಿಂಗ್ ಹಾಕಿ.’ ನನ್ನ ಪ್ರಕಾರ ಇಲ್ಲಿ ತಾರೀಕಿಗಿಂತ ಸೀರಿಯಲ್ ನಂಬರೇ ಮುಖ್ಯ. ಎರಡು ವರ್ಷ ಬಿಟ್ಟು ಗ್ರಾಹಕರು ದೂರು ಕೊಟ್ಟಾಗ ಪಂಪಿನ ಪ್ಲೇಟ್ ಮೇಲೆ ಕಾಣುವುದು ಅದೇ. ಆ 40 ಪಂಪುಗಳ ನಂಬರ್ 4501ಕ್ಕಿಂತ ಹಿಂದಿನವು, ಆದ್ದರಿಂದ ಅವನ್ನು ಬೇರೆ ಸಾಲಿನಲ್ಲಿ ಬರೆದಿಡಬೇಕು.

ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಹೊರಡಿಸುವ ಮೊದಲೇ ಒಬ್ಬ ಜೋಡಣೆಯವರಿಗೂ ಒಬ್ಬ ಪರ್ಚೇಸಿನವರಿಗೂ ಚೀಟಿ ಕೊಟ್ಟು, ‘ಜೂನ್ 16ಕ್ಕೆ ನೀವು ಏನು ಮಾಡ್ತೀರಿ?’ ಎಂದು ಕೇಳಿ. ಅವರು ತಿರುಗಿ ಪ್ರಶ್ನೆ ಕೇಳಿದರೆ ಆ ಉತ್ತರ ಚೀಟಿಯಲ್ಲಿ ಇಲ್ಲ ಎಂದೇ ಅರ್ಥ. ಲಾಟ್ ತಡವಾದರೆ ಹಳೆ ಚೀಟಿಯ ಮೇಲೆ ಪೆನ್ನಿನಿಂದ ತಾರೀಕು ತಿದ್ದುವುದು ಬೇಡ. ಅದೇ ಇಸಿಎನ್ ನಂಬರಿಗೆ ‘ತಿದ್ದುಪಡಿ 1’ ಎಂದು ಸೇರಿಸಿ ಹೊಸ ಪ್ರತಿ ಹೊರಡಿಸಿ, ಬೋರ್ಡಿನಲ್ಲಿರುವ ಹಳೆ ಪ್ರತಿಯನ್ನು ಅದೇ ದಿನ ಕಿತ್ತು ತೆಗೆಯಬೇಕು.