ಬೀಗ ಹಾಕುವ ಮುನ್ನ, ಬೀಗ ತೆಗೆದ ಮೇಲೆ

ಬೆಂಗಳೂರಿನ ದರ್ಶಿನಿಯೊಂದರಲ್ಲಿ ಬೆಳಿಗ್ಗೆ ಆರಕ್ಕೆ ಬಿಸಿ ಇಡ್ಲಿ ತಟ್ಟೆಗೆ ಬರಬೇಕಾದರೆ ಕೆಲಸ ಶುರುವಾಗುವುದು ಹಿಂದಿನ ರಾತ್ರಿ ಒಂಬತ್ತಕ್ಕೆ. ಉಳಿದ ಸಾಂಬಾರ್ ಏನಾಯಿತು, ಗ್ಯಾಸ್ ಹೇಗೆ ಬಂದ್ ಆಯಿತು, ಹಿಟ್ಟು ಎಲ್ಲಿ ನಿಂತಿದೆ, ಗಲ್ಲಾ ಲೆಕ್ಕ ಕೂಡಿತೇ ಎಂಬ ನಾಲ್ಕು ಪ್ರಶ್ನೆಗಳಿಗೆ ಆಗ ಸಿಗುವ ಉತ್ತರವೇ ಮರುದಿನದ ಬೆಳಗನ್ನು ತೀರ್ಮಾನಿಸುತ್ತದೆ. ಉತ್ತರ ಕೊಡಬೇಕಾದವರು ಆ ಪಾಳಿಯ ಮುಖ್ಯಸ್ಥರು. ಹೋಟೆಲಿನಲ್ಲಿ ಅವರನ್ನು ಸೂಪರ್‌ವೈಸರ್ ಎನ್ನುತ್ತಾರೆ, ಕ್ಯಾಪ್ಟನ್ ಎನ್ನುವವರೂ ಇದ್ದಾರೆ. ಅವರ ಕೈಗೆ ಕೊಡುವ ಕಾರ್ಯವಿಧಾನದ ಪಟ್ಟಿಯನ್ನು ಮಾಲೀಕರು ಎಸ್‌ಒಪಿ ಎಂದು ಕರೆಯುತ್ತಾರೆ. ಬೆಳಗಿನ ಪಟ್ಟಿಯಲ್ಲಿ ಬರುವ ಹೆಚ್ಚಿನ ತೊಂದರೆಗಳ ಬೇರು ರಾತ್ರಿಯ ಪಟ್ಟಿಯಲ್ಲಿರುತ್ತದೆ. ಹಾಗಾಗಿ ಮೊದಲು ಬಾಗಿಲು ಮುಚ್ಚುವ ಕ್ರಮವನ್ನೇ ನೋಡೋಣ.

ಮುಚ್ಚುವಾಗ ಯಾವುದಕ್ಕೆ ಹೆಚ್ಚು ಸಮಯ ಬೇಕೋ ಅದನ್ನು ಮೊದಲು ಕೈಗೆತ್ತಿಕೊಳ್ಳಬೇಕು. ನೆಲ ಒರೆಸಲು ಅರ್ಧ ಗಂಟೆ ಸಾಕು. ಒಂದು ಹಂಡೆ ಸಾಂಬಾರ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಆದರೂ ಎಷ್ಟೋ ಕಡೆ ಗಿರಾಕಿಗಳೆಲ್ಲ ಹೋದ ಮೇಲೆ ಪೊರಕೆ ಹಿಡಿದು, ಕೊನೆಗೆ ಮನೆಗೆ ಹೊರಡುವ ಆತುರದಲ್ಲಿ ಸಾಂಬಾರಿನ ಕಡೆ ನೋಡುತ್ತಾರೆ. ಈ ಕ್ರಮ ತಲೆಕೆಳಗಾದದ್ದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾತ್ರಿ 9.45. ಹತ್ತು ಲೀಟರ್ ಸಾಂಬಾರ್ ಉಳಿದಿದೆ. ಒಲೆ ಆರಿಸಿದ ಮೇಲೆ ಅದರ ಶಾಖ 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ. ಹಂಡೆಗೆ ಮುಚ್ಚಳ ಹಾಕಿ ಹಾಗೇ ಫ್ರಿಜ್ಜಿಗೆ ತಳ್ಳಿದರೆ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಆಳವಾದ ಹಂಡೆಯ ನಡುಭಾಗ ಮಧ್ಯರಾತ್ರಿ ಕಳೆದರೂ ಬೆಚ್ಚಗೇ ಇರುತ್ತದೆ. ಅದರ ಬಿಸಿಗೆ ಪಕ್ಕದಲ್ಲಿಟ್ಟ ಹಾಲು, ಮೊಸರೂ ಕಾವೇರುತ್ತವೆ. ಕುದಿಸಿದಾಗ ಬ್ಯಾಕ್ಟೀರಿಯಾಗಳು ಸತ್ತರೂ ಕೆಲವು ಜಾತಿಗಳ ಬೀಜಕಣಗಳು ಬದುಕುಳಿಯುತ್ತವೆ. ಬೇಳೆ, ತರಕಾರಿಯ ಗಟ್ಟಿ ಸಾರು ನಿಧಾನವಾಗಿ ತಣಿಯುತ್ತಿದ್ದರೆ ಆ ಬೆಚ್ಚನೆಯ ನಡುಭಾಗದಲ್ಲಿ ಅವು ಮೊಳೆತು ಬಹಳ ಬೇಗ ಹೆಚ್ಚುತ್ತವೆ. ದೊಡ್ಡ ಅಡುಗೆ ಮಾಡಿ ಹಾಗೇ ಇಟ್ಟು ಬಡಿಸಿದಲ್ಲಿ ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಅನ್ನದಲ್ಲಿ ಬೆಳೆಯುವ ಇನ್ನೊಂದು ಬ್ಯಾಕ್ಟೀರಿಯಾ ಬಿಡುವ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವವರು ಇದನ್ನು ನೆನಪಿಡಬೇಕು.

ಅಡುಗೆಮನೆಯಲ್ಲಿ ಪಾಲಿಸುವ ನಿಯಮ ಹೀಗಿದೆ: 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ. ನಮ್ಮ ಹತ್ತು ಲೀಟರ್ ಸಾಂಬಾರ್ 11.45ರ ಹೊತ್ತಿಗೆ 21ಕ್ಕೆ ಇಳಿಯಬೇಕು. ಅದಕ್ಕೆ ಸಾಂಬಾರನ್ನು ಎರಡು ಇಂಚಿಗಿಂತ ಆಳ ಬಾರದಂತೆ ಅಗಲ ಟ್ರೇಗಳಿಗೆ ಹಂಚಿ, ಟ್ರೇಗಳನ್ನು ಐಸ್ ನೀರಿನಲ್ಲಿ ನಿಲ್ಲಿಸಿ, ಶುದ್ಧವಾದ ಸೌಟಿನಿಂದ ಆಗಾಗ ತಿರುಗಿಸಬೇಕು. ಗಂಟೆಗೊಮ್ಮೆ ಥರ್ಮಾಮೀಟರನ್ನು ನಡುಭಾಗಕ್ಕೇ ಇಳಿಸಿ ನೋಡಬೇಕು. 10.45ಕ್ಕೆ 34 ತೋರಿಸಿದರೆ ದಾರಿ ಸರಿಯಿದೆ. ಇನ್ನೂ 48ರಲ್ಲೇ ನಿಂತಿದ್ದರೆ ಟ್ರೇ ಆಳವಾಯಿತು ಅಥವಾ ಐಸ್ ಕರಗಿಹೋಗಿದೆ ಎಂದರ್ಥ, ಆಗಲೇ ಸರಿಪಡಿಸಬಹುದು. 11.45ಕ್ಕೂ 21 ತಲುಪದಿದ್ದರೆ ಅದನ್ನು ಚೆಲ್ಲಬೇಕು. ಬಾಗಿಲು ಮುಚ್ಚುವ ಹೊತ್ತಿನಲ್ಲಿ ಮತ್ತೆ ಕಾಯಿಸಿ ಮತ್ತೆ ತಣಿಸುವಷ್ಟು ಜನವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಹೀಗೆ ತಣಿಸಿಟ್ಟದ್ದನ್ನು ಬೆಳಿಗ್ಗೆ ಬಳಸುವಾಗ ನಡುಭಾಗ 75 ಡಿಗ್ರಿ ತಲುಪಿ, ಕನಿಷ್ಠ ಎರಡು ನಿಮಿಷ ಅಲ್ಲೇ ನಿಲ್ಲಬೇಕು. ಕಾಯಿಸುವುದು ಒಂದೇ ಸಲ. ತೆಂಗಿನಕಾಯಿ ಚಟ್ನಿಗೆ ಈ ಯಾವ ಅವಕಾಶವೂ ಇಲ್ಲ, ರಾತ್ರಿ ಉಳಿದದ್ದು ರಾತ್ರಿಯೇ ಹೊರಗೆ.

ಇಷ್ಟು ಪಾಡು ಯಾಕೆ ಎನಿಸಿದರೆ ಅದಕ್ಕೂ ದಾರಿಯಿದೆ. ಎಂಟೂವರೆಗೆ ಕೊನೆಯ ಸಾಂಬಾರ್ ಒಲೆಗೆ ಏರುವ ಮೊದಲು ಸೂಪರ್‌ವೈಸರ್ ಹೋದ ವಾರ ಇದೇ ದಿನ ಒಂಬತ್ತರ ನಂತರ ಎಷ್ಟು ಪ್ಲೇಟ್ ಹೋಗಿತ್ತು ಎಂದು ಬಿಲ್ಲಿಂಗ್ ಯಂತ್ರದಲ್ಲಿ ನೋಡಿ, ಭಟ್ಟರಿಗೆ ಅಷ್ಟೇ ಅಳತೆ ಹೇಳಬೇಕು. ಹತ್ತರ ಬದಲು ಎರಡು ಲೀಟರ್ ಉಳಿದರೆ ತಣಿಸುವ ಕೆಲಸವೂ ಹಗುರ, ಚೆಲ್ಲಿದರೆ ನಷ್ಟವೂ ಕಡಿಮೆ.

ಹಿಟ್ಟಿನ ಮಾತು ಬೇರೆ. ಅದು ಹುಳಿ ಬರಬೇಕಾದ ಪದಾರ್ಥ, ಬೆಚ್ಚಗಿದ್ದರೇ ಉಬ್ಬುತ್ತದೆ. ಬೇಸಿಗೆಯಲ್ಲಿ ಸಂಜೆ ರುಬ್ಬಿದ ಹಿಟ್ಟು ಮಲಗುವ ಹೊತ್ತಿಗೇ ಏರಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಬೆಳಗಾದರೂ ಏಳುವುದಿಲ್ಲ. ಆದ್ದರಿಂದ ರಾತ್ರಿ ಪಟ್ಟಿಯಲ್ಲಿ ಗಡಿಯಾರದ ಸಮಯವಲ್ಲ, ಪಾತ್ರೆಯಲ್ಲಿ ಹಿಟ್ಟು ನಿಂತ ಮಟ್ಟವನ್ನು ಬರೆಯಬೇಕು. ಪಾತ್ರೆಯ ಅರ್ಧಕ್ಕಷ್ಟೇ ತುಂಬಿ ಹೊರಗೆ ಒಂದು ಗೆರೆ ಎಳೆದಿಟ್ಟರೆ ಎಷ್ಟು ಏರಿತೆಂದು ಯಾರಿಗೂ ಗೊತ್ತಾಗುತ್ತದೆ. ಎಷ್ಟು ಏರಬೇಕೋ ಅಷ್ಟು ಏರಿದ್ದು ಫ್ರಿಜ್ಜಿಗೆ, ಇನ್ನೂ ಏರದ್ದು ಒಲೆಯ ಪಕ್ಕದ ಬೆಚ್ಚನೆ ಜಾಗಕ್ಕೆ.

ಆಹಾರದ ನಂತರ ಗ್ಯಾಸ್. ಹೋಟೆಲಿನ 19 ಕೆಜಿ ಸಿಲಿಂಡರುಗಳು ಸಾಮಾನ್ಯವಾಗಿ ಹಿಂದುಗಡೆ ಸಾಲಾಗಿ ನಿಂತು, ಪೈಪಿನ ಮೂಲಕ ಒಲೆಗಳಿಗೆ ಸೇರಿರುತ್ತವೆ. ಒಲೆಯ ಗುಬುಟು ತಿರುಗಿಸಿ ಜ್ವಾಲೆ ಆರಿಸಿದರೆ ಸಾಲದು, ಪೈಪಿನಲ್ಲಿ ಗ್ಯಾಸ್ ತುಂಬಿಕೊಂಡೇ ಇರುತ್ತದೆ. ಒಂದು ಒಲೆ ಉರಿಯುತ್ತಿರುವಾಗಲೇ ಸಿಲಿಂಡರುಗಳ ವಾಲ್ವ್ ಎಲ್ಲವನ್ನೂ ಮುಚ್ಚಬೇಕು. ಪೈಪಿನ ಗ್ಯಾಸ್ ಮುಗಿದು ಜ್ವಾಲೆ ತಾನಾಗಿ ಕುಗ್ಗಿ ಆರುತ್ತದೆ. ಆಮೇಲೆ ಆ ಒಲೆಯ ಗುಬುಟು, ಜೊತೆಗೆ ಉಳಿದ ಎಲ್ಲ ಗುಬುಟುಗಳೂ ಮುಚ್ಚಿವೆಯೇ ಎಂದು ಕೈಯಿಟ್ಟು ನೋಡಬೇಕು. ಜ್ವಾಲೆ ಆರದೆ ಉರಿಯುತ್ತಲೇ ಇದ್ದರೆ ಎಲ್ಲೋ ಒಂದು ವಾಲ್ವ್ ಪೂರ್ತಿ ಮುಚ್ಚಿಲ್ಲ ಎಂದು ಒಲೆಯೇ ತಿಳಿಸಿಕೊಡುತ್ತದೆ. ಅದಕ್ಕೇ ಈ ಕ್ರಮ.

ಇಷ್ಟಾದ ಮೇಲೆ ತೊಳೆಯುವ ಕೆಲಸ. ಮೇಲಿನಿಂದ ಕೆಳಕ್ಕೆ: ಮೊದಲು ಚಿಮಣಿಯ ಜಾಲರಿ, ಆಮೇಲೆ ಕಟ್ಟೆ, ಒಲೆ, ಕೊನೆಗೆ ನೆಲ ಮತ್ತು ಮೋರಿ. ಗ್ರೈಂಡರಿನ ಕಲ್ಲನ್ನು ಎತ್ತಿ ಅಡಿ ತೊಳೆದಿದ್ದಾರೆಯೇ, ಒರೆಸುವ ಬಟ್ಟೆಗಳನ್ನು ಒಗೆದು ಹರವಿದ್ದಾರೆಯೇ ಎಂದು ಸೂಪರ್‌ವೈಸರ್ ಖುದ್ದಾಗಿ ನೋಡಬೇಕು. ಒದ್ದೆ ಬಟ್ಟೆಯ ಗುಡ್ಡೆಯೂ ಕಲ್ಲಿನಡಿಯ ಹಿಟ್ಟೂ ಜಿರಲೆಗಳಿಗೆ ರಾತ್ರಿಯ ಊಟ.

ಕೊನೆಯದು ಗಲ್ಲಾ. ಇಲ್ಲಿ ಅನುಮಾನಕ್ಕಿಂತ ಲೆಕ್ಕ ಮುಂದಿರಬೇಕು. ಬೆಳಿಗ್ಗೆ ಚಿಲ್ಲರೆಗೆಂದು 3,000 ರೂಪಾಯಿ ಇಟ್ಟಿದ್ದರು ಎನ್ನಿ. ದಿನದ ಬಿಲ್ಲು 52,400. ಅದರಲ್ಲಿ ಯುಪಿಐ ಎಂದು ಬಿಲ್ಲಾದದ್ದು 34,850, ನಗದು ಎಂದು ಬಿಲ್ಲಾದದ್ದು 17,550. ಕೊತ್ತಂಬರಿ, ಐಸ್, ಆಟೋ ಬಾಡಿಗೆಗೆ ಚೀಟಿ ಬರೆದು ಕೊಟ್ಟದ್ದು 780. ಅಂದರೆ ಪೆಟ್ಟಿಗೆಯಲ್ಲಿ 19,770 ಇರಬೇಕು. ಎಣಿಸಿದಾಗ ಸಿಕ್ಕಿದ್ದು 19,530, 240 ಕಡಿಮೆ. ಕ್ಯಾಷಿಯರ್ ಹುಡುಗನ ಮುಖ ನೋಡುವ ಮೊದಲು ಯುಪಿಐ ಆ್ಯಪಿನಲ್ಲಿ ಆ ದಿನ ಬಂದ ಮೊತ್ತ ನೋಡಬೇಕು. ಅಲ್ಲಿ 35,090 ಇದ್ದರೆ ಬಿಲ್ಲಿಗಿಂತ ಸರಿಯಾಗಿ 240 ಹೆಚ್ಚು. ಯಾರೋ ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕೊಟ್ಟಿದ್ದಾರೆ, ನೂಕುನುಗ್ಗಲಿನಲ್ಲಿ ಬಿಲ್ಲು ನಗದಿಗೆ ಬಿದ್ದಿದೆ. ಹಣ ಎಲ್ಲೂ ಹೋಗಿಲ್ಲ. ಯುಪಿಐ ಲೆಕ್ಕವೂ ಸರಿಯಾಗಿ ಕೂಡಿದರೆ ಮಾತ್ರ ರದ್ದಾದ ಬಿಲ್ಲು, ಬರೆಯದ ಚೀಟಿಗಳ ಕಡೆ ಹೋಗಬೇಕು. ಎಣಿಕೆಯಲ್ಲಿ ಇಬ್ಬರಿರಬೇಕು, ಇಬ್ಬರೂ ಸಹಿ ಹಾಕಬೇಕು. ಕೊರತೆಯನ್ನು ಕೈಯಿಂದ ತುಂಬಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಮರುದಿನ ಅದೇ ತಪ್ಪು ಮತ್ತೆ ಆಗುತ್ತದೆ.

ಇನ್ನು ಬೆಳಿಗ್ಗೆ. ಬೀಗ ತೆಗೆದ ಕೂಡಲೇ ಸ್ವಿಚ್ಚಿಗೆ ಕೈ ಹೋಗುವುದು ಎಲ್ಲರ ಅಭ್ಯಾಸ. ಅದನ್ನು ತಡೆಯಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದ್ದು ನೆಲದ ಮಟ್ಟದಲ್ಲಿ ಹರಡಿ ನಿಂತಿರುತ್ತದೆ. ಆದ್ದರಿಂದ ಬಾಗಿಲಲ್ಲೇ ಬಗ್ಗಿ, ನೆಲದ ಹತ್ತಿರ ಮೂಸಿ ನೋಡಬೇಕು. ವಾಸನೆ ಬಂದರೆ ದೀಪ, ಎಕ್ಸಾಸ್ಟ್ ಫ್ಯಾನ್ ಯಾವುದನ್ನೂ ಹಾಕಕೂಡದು, ಉರಿಯುತ್ತಿರುವುದನ್ನು ಆರಿಸಲೂ ಕೂಡದು. ಸ್ವಿಚ್ಚಿನ ಒಂದು ಕಿಡಿ ಸಾಕು. ಬಾಗಿಲು ಪೂರ್ತಿ ತೆರೆದಿಟ್ಟು, ಎಲ್ಲರನ್ನೂ ದೂರ ಕಳಿಸಿ, ಹೊರಗೆ ಬಂದ ಮೇಲೆ ಫೋನ್ ತೆಗೆದು ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ವಾಸನೆ ಇಲ್ಲದಿದ್ದರೆ ಒಲೆಯ ಗುಬುಟುಗಳೆಲ್ಲ ಮುಚ್ಚಿರುವುದನ್ನು ಮತ್ತೊಮ್ಮೆ ನೋಡಿ, ಆಮೇಲೆ ಸಿಲಿಂಡರಿನ ವಾಲ್ವ್ ತೆರೆಯಬೇಕು.

ಎರಡನೆಯದು ಫ್ರಿಜ್. ರಾತ್ರಿಯಿಡೀ ಮುಚ್ಚಿದ್ದ ಬಾಗಿಲನ್ನು ತೆರೆಯುವ ಮುನ್ನ ಸಿಗುವ ಅಂಕಿಯೇ ನಂಬಲರ್ಹ. ಅದು 5 ಡಿಗ್ರಿಯನ್ನು ಮೀರಿರಬಾರದು. ಆದರೆ ರಾತ್ರಿ ಕರೆಂಟ್ ಹೋಗಿ ಮತ್ತೆ ಬಂದಿದ್ದರೆ ಬೆಳಗಿನ 4 ಡಿಗ್ರಿ ಆ ನಡುವಿನ ಕಥೆ ಹೇಳುವುದಿಲ್ಲ. ಇದಕ್ಕೊಂದು ಸರಳ ಉಪಾಯವಿದೆ: ಫ್ರೀಜರಿನಲ್ಲಿ ಒಂದು ಲೋಟ ನೀರನ್ನು ಗಟ್ಟಿಯಾಗಿಸಿ, ಮೇಲೊಂದು ನಾಣ್ಯ ಇಡುವುದು. ಬೆಳಿಗ್ಗೆ ನಾಣ್ಯ ಮಂಜಿನೊಳಗೆ ಮುಳುಗಿದ್ದರೆ ರಾತ್ರಿ ಐಸ್ ಕರಗಿ ಮತ್ತೆ ಗಟ್ಟಿಯಾಗಿದೆ; ಒಳಗಿದ್ದ ಹಾಲು, ಸಾಂಬಾರ್ ಎಷ್ಟು ಹೊತ್ತು ಬೆಚ್ಚಗಿದ್ದವೆಂದು ಹೇಳುವವರಿಲ್ಲ, ಅವನ್ನು ಬಳಸಬಾರದು. ಥರ್ಮಾಮೀಟರೂ ಸರಿಯಾಗಿರಬೇಕು. ಪುಡಿ ಐಸ್ ತುಂಬಿದ ನೀರಿನಲ್ಲಿ ಅದ್ದಿದಾಗ ಸೊನ್ನೆ ತೋರಿಸದಿದ್ದರೆ ಅದರ ಮಾತು ನಂಬಬೇಡಿ.

ಮೂರನೆಯದು ಕೆಲಸಕ್ಕೆ ಬಂದವರು. ವಾಂತಿ, ಭೇದಿ ಇರುವವರನ್ನು ಆ ದಿನ ಆಹಾರ ಮುಟ್ಟುವ ಜಾಗದಲ್ಲಿ ನಿಲ್ಲಿಸಬಾರದು. ಸಂಬಳ ಕತ್ತರಿಸುತ್ತಾರೆಂದು ಹೆದರಿ ಹುಡುಗರು ಹೇಳದೇ ಇರುತ್ತಾರೆ. ಆ ಹೆದರಿಕೆ ಕಳೆಯುವುದು ಮಾಲೀಕರ ಕೈಯಲ್ಲಿದೆ, ಕೇಳಿ ತಿಳಿಯುವುದು ಸೂಪರ್‌ವೈಸರ್ ಕೈಯಲ್ಲಿದೆ. ಬಳಿಕ ಮೊದಲ ಸ್ಟೀಮಿನಿಂದ ಒಂದು ತಟ್ಟೆ ಇಡ್ಲಿ ಇಳಿಸಿ, ಮುರಿದು, ರುಚಿ ನೋಡಬೇಕು. ಒಳಗೆ ಅಂಟುತ್ತಿದೆಯೇ, ಹುಳಿ ಅತಿಯಾಯಿತೇ ಎಂಬುದು ಗಿರಾಕಿಗಿಂತ ಮೊದಲು ಅವರಿಗೆ ತಿಳಿಯಬೇಕು.

ಈ ಕೆಲಸಗಳೆಲ್ಲ ಒಂದು ದಾಖಲೆ ಪುಸ್ತಕದಲ್ಲಿ ಬರುತ್ತವೆ, ಅದನ್ನು ಓದುವುದೂ ಒಂದು ಕೌಶಲ. ತಿಂಗಳಿಡೀ ಫ್ರಿಜ್ಜಿನ ಅಂಕಣದಲ್ಲಿ 4, 4, 4 ಎಂದೇ ಇದ್ದು, ಎಲ್ಲವೂ ಒಂದೇ ಪೆನ್ನಿನಲ್ಲಿ ಒಂದೇ ಓಘದಲ್ಲಿ ಬರೆದಂತಿದ್ದರೆ ಯಾರೂ ನೋಡಿಲ್ಲ, ತಿಂಗಳ ಕೊನೆಗೆ ಕೂತು ತುಂಬಿದ್ದಾರೆ ಎಂದು ತಿಳಿಯಬೇಕು. ನಿಜವಾಗಿ ಅಳೆದ ಪುಸ್ತಕದಲ್ಲಿ 3, 5, ಒಮ್ಮೆ 8 ಇರುತ್ತದೆ. ಆ 8ರ ಮುಂದೆ ‘ಬಾಗಿಲಿನ ರಬ್ಬರ್ ಹರಿದಿತ್ತು, ಮೆಕ್ಯಾನಿಕ್‌ಗೆ ಹೇಳಿದೆ, ಹಾಲು ಚೆಲ್ಲಿದೆ’ ಎಂಬ ಒಂದು ಸಾಲು ಇರುತ್ತದೆ. ಮಾಲೀಕರು ಆ ಸಾಲು ಬರೆದವರನ್ನು ಚೆಲ್ಲಿದ ಹಾಲಿಗಾಗಿ ಬೈದರೆ ಮರುದಿನದಿಂದ ಅಂಕಣದಲ್ಲಿ ಬರುವುದು 4 ಮಾತ್ರ.