ಕಂಚಿನ ಮೂರ್ತಿಯ ಎರಡು ಹಸಿರು

ದೇವಸ್ಥಾನದ ಆವರಣದಲ್ಲಿ ಅಗೆಯುವಾಗ ಕಂಚಿನ ಮೂರ್ತಿ ಸಿಕ್ಕಿತೆಂಬ ಸುದ್ದಿ ತಮಿಳುನಾಡಿನಿಂದ ಆಗಾಗ ಬರುತ್ತದೆ. ದಂಡು ಬರುತ್ತದೆಂಬ ಭಯಕ್ಕೆ ಉತ್ಸವಮೂರ್ತಿಗಳನ್ನು ಹೂತಿಟ್ಟವರಲ್ಲಿ ಎಲ್ಲರೂ ಅವನ್ನು ಮತ್ತೆ ತೆಗೆಯಲಿಲ್ಲ. ಹಾಗೆ ಸಿಕ್ಕ ಮೂರ್ತಿ ಹಸಿರುಗಟ್ಟಿರುತ್ತದೆ. ನೋಡಿದವರ ಕೈ ಮೊದಲು ಹೋಗುವುದು ಹುಣಸೆಹಣ್ಣು ಮತ್ತು ಉಪ್ಪಿನ ಕಡೆಗೆ. ನೂರಾರು ವರ್ಷ ಮಣ್ಣಿನಲ್ಲಿ ಉಳಿದದ್ದು ಅರ್ಧ ಗಂಟೆಯಲ್ಲಿ ಕಳೆದುಹೋಗುವುದು ಇಲ್ಲೇ.

ಕಿಲುಬೆಲ್ಲ ಒಂದೇ ಅಲ್ಲ. ತಾಮ್ರದ ಮೇಲೆ ಮೊದಲು ಕೆಂಪು ಮಿಶ್ರಿತ ಕಂದು ಬಣ್ಣದ ಆಕ್ಸೈಡ್ ಕಟ್ಟುತ್ತದೆ. ಅದರ ಮೇಲೆ ಕಾರ್ಬೊನೇಟ್‌ನ ದಟ್ಟ ಹಸಿರು ಪದರ ಕೂರುತ್ತದೆ. ಗಟ್ಟಿಯಾಗಿ, ನುಣುಪಾಗಿ, ಕೈಗೆ ಅಂಟದೆ ಇರುವ ಈ ಹಸಿರು ಒಳಗಿನ ಲೋಹವನ್ನು ಕಾಯುತ್ತದೆ, ಅದನ್ನು ಕೆದಕಬೇಕಾಗಿಲ್ಲ. ಎರಡನೆಯ ಹಸಿರು ಬೇರೆ ಜಾತಿಯದು. ತಿಳಿಹಸಿರು ಪುಡಿ, ಸಣ್ಣ ಸಣ್ಣ ಚುಕ್ಕೆಗಳಲ್ಲಿ ಉಕ್ಕಿ ಬರುತ್ತದೆ, ಒರೆಸಿದರೆ ಹೋಗುತ್ತದೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಸಂರಕ್ಷಕರು ಇದನ್ನು ‘ಕಂಚಿನ ರೋಗ’ ಎನ್ನುತ್ತಾರೆ.

ರೋಗದ ಮೂಲ ಉಪ್ಪಿನಲ್ಲಿರುವ ಕ್ಲೋರೈಡ್. ಮಣ್ಣಿನಿಂದಲೋ ಸಮುದ್ರದ ಗಾಳಿಯಿಂದಲೋ ಒಳಹೊಕ್ಕ ಕ್ಲೋರೈಡ್ ಲೋಹಕ್ಕೆ ತಾಗಿಕೊಂಡು ತಾಮ್ರದ ಕ್ಲೋರೈಡ್ ಆಗಿ ಅಡಗಿರುತ್ತದೆ. ತೇವವೂ ಆಮ್ಲಜನಕವೂ ತಲುಪಿದಾಗ ಅದು ಹಸಿರು ಪುಡಿಯಾಗಿ ಬಿರಿದು, ಜೊತೆಗೆ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಪಕ್ಕದ ತಾಮ್ರವನ್ನು ತಿಂದು ಹೊಸ ಕ್ಲೋರೈಡ್ ಹುಟ್ಟಿಸುತ್ತದೆ. ಹೀಗೆ ಸುತ್ತು ಮುಂದುವರಿಯುತ್ತದೆ. ಗಾಳಿಯ ತೇವಾಂಶವನ್ನು ಸುಮಾರು ಶೇಕಡಾ 42ಕ್ಕಿಂತ ಕೆಳಗಿಟ್ಟರೆ ಈ ಸುತ್ತು ಬಹುಮಟ್ಟಿಗೆ ನಿಲ್ಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆ ಮತ್ತು ಸಿಲಿಕಾ ಜೆಲ್ ಇಲ್ಲದೆ ಅದು ಸಾಧ್ಯವಿಲ್ಲ.

ಅಗೆದು ತೆಗೆದ ಮೂರ್ತಿ ಪ್ರಯೋಗಾಲಯಕ್ಕೆ ಬಂದರೆ ಮೊದಲ ಕೆಲಸ ಫೋಟೊ ಮತ್ತು ಟಿಪ್ಪಣಿ. ಅನುಮಾನದ ಚುಕ್ಕೆಗಳಿದ್ದರೆ ಒದ್ದೆ ಹತ್ತಿಯಿಟ್ಟ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ನೋಡುವುದುಂಟು. ರೋಗ ಚುರುಕಾಗಿದ್ದರೆ ಹೊಸ ಪುಡಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಅಲಗಿನಿಂದ ಆ ಚುಕ್ಕೆಗಳನ್ನಷ್ಟೇ ಬಿಡಿಸುತ್ತಾರೆ. ಒಂದು ಮುಖಕ್ಕೇ ವಾರಗಳು ಹಿಡಿಯಬಹುದು. ಬಳಿಕ ಆಲ್ಕೊಹಾಲ್‌ನಲ್ಲಿ ಕರಗಿಸಿದ ಶೇಕಡಾ 3ರ ಬೆಂಜೊಟ್ರಯಜೋಲ್ ದ್ರಾವಣದಲ್ಲಿ ಮುಳುಗಿಸಿ, ಒಣಗಿಸಿ, ತೆಳು ಅಕ್ರಿಲಿಕ್ ಲೇಪ ಕೊಡುತ್ತಾರೆ. ಈ ರಾಸಾಯನಿಕ ವಿಷಕಾರಿ, ಮನೆಯಲ್ಲಿ ಪ್ರಯೋಗಿಸುವಂಥದ್ದಲ್ಲ. ಆಳಕ್ಕಿಳಿದ ಕ್ಲೋರೈಡನ್ನು ಅದು ಹೊರಗೆ ತೆಗೆಯುವುದೂ ಇಲ್ಲ, ತಡೆದು ನಿಲ್ಲಿಸುತ್ತದೆ ಅಷ್ಟೆ.

ಪೂರ್ತಿ ಲೋಹ ಕಾಣುವಂತೆ ಕಿಲುಬು ತೆಗೆದರೇನು? ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ಪ್ರಯೋಗಾಲಯ ಆರಂಭಿಸಿದ ರಸಾಯನಶಾಸ್ತ್ರಜ್ಞ ಎಸ್. ಪರಮಶಿವನ್ ವಿದ್ಯುದ್ವಿಭಜನೆಯಿಂದ ಕಂಚುಗಳನ್ನು ಶುದ್ಧಮಾಡಿದರು. ರೋಗಕ್ಕೆ ಅದು ನಿಜವಾದ ಮದ್ದೇ ಆಗಿತ್ತು, ಆ ಕಾಲಕ್ಕೆ ದೊಡ್ಡ ಸಾಧನೆ ಕೂಡ. ಆದರೆ ಇಂದಿನ ಸಂರಕ್ಷಕರು ಅದಕ್ಕೆ ಸುಲಭವಾಗಿ ಕೈಹಾಕುವುದಿಲ್ಲ. ಕಾರಣವಿದೆ: ಶಿಲ್ಪಿ ಬಿಟ್ಟುಹೋದ ಮೂಲ ಮೇಲ್ಮೈ ಹಳೆಯ ಕಂಚಿನಲ್ಲಿ ಎಷ್ಟೋ ಸಲ ಲೋಹದ ಮೇಲಿರುವುದಿಲ್ಲ, ಕಿಲುಬಿನ ಪದರದೊಳಗಿರುತ್ತದೆ. ಲೋಹ ಕರಗಿ ಆಕ್ಸೈಡ್ ಆದಾಗ ಉಡುಗೆಯ ಗೆರೆ, ಪೀಠದ ಬರಹ ಆ ಪದರದಲ್ಲೇ ಅಚ್ಚಾಗಿ ಉಳಿಯುತ್ತವೆ. ಕಿಲುಬು ಪೂರ್ತಿ ಹೋದರೆ ಅವೂ ಹೋಗುತ್ತವೆ. ಕೆಳಗೆ ಸಿಗುವುದು ಹೊಂಡ ಬಿದ್ದ ಬರಿಯ ಲೋಹ.

ಪೂಜೆಯಲ್ಲಿರುವ ಮೂರ್ತಿಗಳ ಕಥೆ ಇನ್ನೊಂದು. ಅಲ್ಲಿ ನಷ್ಟ ಆಗುವುದು ಉಜ್ಜುವುದರಿಂದ. ಹುಣಸೆಯ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಸಂದುಗಳಲ್ಲಿ ಕ್ಲೋರೈಡ್ ಬಿಟ್ಟುಹೋಗುತ್ತದೆ, ಪಾಲಿಶ್ ಪುಡಿ ಪ್ರತಿಸಲವೂ ಒಂದಿಷ್ಟು ಲೋಹವನ್ನೇ ಕಿತ್ತೊಯ್ಯುತ್ತದೆ. ಹೊಳೆಯುವ ಬರಿಯ ಲೋಹ ಬೇಗ ಕಪ್ಪಾಗುತ್ತದೆ, ಆದ್ದರಿಂದ ಮತ್ತೆ ಉಜ್ಜಬೇಕಾಗುತ್ತದೆ. ತಲೆಮಾರುಗಳ ಅಭಿಷೇಕ, ಉಜ್ಜಾಟದಿಂದ ಮೂಗು, ತುಟಿ ಸವೆದು, ಕಣ್ಣುಗಳನ್ನು ಮತ್ತೆ ಕೊರೆಸಿರುವ ಮೂರ್ತಿಗಳು ದಕ್ಷಿಣದಲ್ಲಿ ಕಡಿಮೆಯಿಲ್ಲ. ಮತ್ತೆ ಕೊರೆದ ಕಣ್ಣು ಮೊದಲ ಶಿಲ್ಪಿಯದಲ್ಲ.

ಇದಕ್ಕೆ ಸಂಪ್ರದಾಯದಲ್ಲೇ ದಾರಿಯಿದೆ. ವೈಷ್ಣವ ಆಗಮಗಳು ಸ್ನಾನಕ್ಕೆ ಸ್ನಪನ ಬೇರ, ಮೆರವಣಿಗೆಗೆ ಉತ್ಸವ ಬೇರ ಎಂದು ಮೂರ್ತಿಗಳನ್ನು ಬೇರೆಬೇರೆ ಇಟ್ಟಿವೆ. ನಿತ್ಯದ ಅಭಿಷೇಕವನ್ನು ಚಿಕ್ಕ ಮೂರ್ತಿಗೆ ಮಾಡಿದರೆ ಹಳೆಯದು ಉಳಿಯುತ್ತದೆ. ಪಂಚಾಮೃತ ಆದಮೇಲೆ ಶುದ್ಧ ನೀರಿನಲ್ಲಿ ತೊಳೆದು, ಮೆದು ಹತ್ತಿಬಟ್ಟೆಯಿಂದ ಪೀಠದ ಸಂದಿಗಳ ತನಕ ತೇವ ಒತ್ತಿ ತೆಗೆದರೆ ಸಾಕು. ಹುಣಸೆಹಣ್ಣು, ನಿಂಬೆ, ಬ್ರಾಸೊ ಯಾವುದೂ ಬೇಡ.

ನೆಲ ಅಗೆಯುವಾಗ ಮೂರ್ತಿ ಸಿಕ್ಕರೆ ಮಣ್ಣು ಸಮೇತ ಹಾಗೇ ಬಿಡಿ, ತೊಳೆಯಬೇಡಿ, ತಹಶೀಲ್ದಾರರಿಗೆ ತಿಳಿಸಿ. 1878ರ ನಿಧಿ ಕಾಯ್ದೆಯ ಪ್ರಕಾರ ಹಾಗೆ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ.