ಆರನೇ ವರ್ಷದ ಹಲ್ಲಿಗೆ ತೊಟ್ಟಿಲಲ್ಲೇ ಅಡಿಪಾಯ

ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಹೊಸದೊಂದು ದವಡೆಹಲ್ಲು ಮೂಡುತ್ತದೆ. ಅನೇಕ ತಂದೆತಾಯಿಯರು ಇದನ್ನೂ ಹಾಲುಹಲ್ಲೆಂದೇ ತಿಳಿದು ಸುಮ್ಮನಾಗುತ್ತಾರೆ. ಆದರೆ ಇದು ಶಾಶ್ವತ ಹಲ್ಲು. ಇದಕ್ಕೆ ಸುಣ್ಣದಂಶ ತುಂಬುವ ಕೆಲಸ ಮಗು ಹುಟ್ಟುವ ಆಸುಪಾಸಿನಲ್ಲೇ ಶುರುವಾಗಿ, ಸುಮಾರು ಮೂರು ವರ್ಷಕ್ಕೆ ಹಲ್ಲಿನ ಮೇಲ್ಭಾಗ ಪೂರ್ತಿಯಾಗಿರುತ್ತದೆ. ಮೇಲಿನ ಪದರವಾದ ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವಷ್ಟರಲ್ಲಿ ಇಲ್ಲವಾಗುತ್ತವೆ. ಆಮೇಲೆ ಎಷ್ಟು ಕ್ಯಾಲ್ಸಿಯಂ ಸಿರಪ್ ಕುಡಿಸಿದರೂ ಆ ಹಲ್ಲಿನ ಎನಾಮಲ್ ಹೊಸದಾಗಿ ಬೆಳೆಯುವುದಿಲ್ಲ.

ಕೊರತೆಯಾಗಿದ್ದರೆ ಅದರ ಗುರುತು ಹಲ್ಲಿನ ಮೇಲೇ ಉಳಿದಿರುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳ ಮೇಲಿನ ಎರಡೂ ಮುಂಬಲ್ಲುಗಳಲ್ಲಿ, ತುದಿಯಿಂದ ಸ್ವಲ್ಪ ಮೇಲೆ, ಅಡ್ಡಗೆರೆಯಂತೆ ಸಣ್ಣ ಕುಳಿಗಳಿವೆ ಎನ್ನಿ. ಮುಂಬಲ್ಲು ಮೂರ್ನಾಲ್ಕು ತಿಂಗಳಲ್ಲಿ ತುದಿಯಿಂದ ಬೆಳೆಯಲಾರಂಭಿಸಿ ಒಸಡಿನ ಕಡೆಗೆ ಸಾಗುತ್ತದೆ. ಹಾಗಾಗಿ ಈ ಗೆರೆ ಒಂದು ವರ್ಷದ ಆಚೀಚಿನದು. ಅದೇ ಕಾಲದಲ್ಲಿ ಬೆಳೆಯುತ್ತಿದ್ದ ದವಡೆಹಲ್ಲುಗಳಲ್ಲೂ ಗೆರೆ ಕಂಡರೆ, ಆಗ ಮಗುವಿಗೆ ವಿಟಮಿನ್ ಡಿ ಕೊರತೆಯೋ ದೊಡ್ಡ ಕಾಯಿಲೆಯೋ ಇತ್ತೇ ಎಂದು ವೈದ್ಯರು ವಿಚಾರಿಸುತ್ತಾರೆ. ಒಂದೇ ಹಲ್ಲಿನಲ್ಲಿ ಕಲೆಯಿದ್ದರೆ, ಹಾಲುಹಲ್ಲಿಗೆ ಬಿದ್ದ ಪೆಟ್ಟನ್ನು ಶಂಕಿಸುತ್ತಾರೆ. ಕೋಲಾರದ ಕಡೆಯಂತೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಕಾಣುವ ಬಿಳಿ, ಕಂದು ಮಚ್ಚೆಗಳ ಕಥೆಯೇ ಬೇರೆ. ಅದಕ್ಕೆ ಕ್ಯಾಲ್ಸಿಯಂ ಕೊರತೆಯನ್ನು ದೂರಿ ಫಲವಿಲ್ಲ.

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಅಡುಗೆಮನೆಯಲ್ಲಿ ಇದು ಕಷ್ಟವಲ್ಲ. 40 ಗ್ರಾಂ ರಾಗಿಹಿಟ್ಟಿನ ಸರಿಯಿಂದ ಸುಮಾರು 140, ದಿನವಿಡೀ ಕೊಡುವ 300 ಮಿಲಿಲೀಟರ್ ಹಾಲು ಮೊಸರಿನಿಂದ 350. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಬರುತ್ತದೆ, ನೆನೆಸಿ ಮೊಳಕೆ ಬರಿಸಿದರೆ ಅದು ತಗ್ಗುತ್ತದೆ. ಅಜ್ಜಿಯರು ಸರಿಹಿಟ್ಟಿಗೆ ರಾಗಿಯನ್ನು ಮೊಳಕೆ ಕಟ್ಟುತ್ತಿದ್ದುದು ಸುಮ್ಮನಲ್ಲ. ಆದರೆ ಕರುಳು ಈ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಬೇಕಾದರೆ ವಿಟಮಿನ್ ಡಿ ಇರಲೇಬೇಕು. ಅದು ರಾಗಿಯಲ್ಲಿಲ್ಲ, ಎದೆಹಾಲಿನಲ್ಲೂ ಬಹಳ ಕಡಿಮೆ. ಅದಕ್ಕೇ ಮಕ್ಕಳ ವೈದ್ಯರು ಮೊದಲ ವರ್ಷ ದಿನಕ್ಕೆ 400 ಐಯು ಹನಿ ಬರೆದುಕೊಡುತ್ತಾರೆ. ಬಾಟಲಿಗಳಲ್ಲಿ ಮದ್ದಿನ ಸಾಂದ್ರತೆ ಬೇರೆಬೇರೆ ಇರುವುದರಿಂದ ಪಕ್ಕದ ಮನೆಯವರು ಹೇಳಿದ ಅಳತೆಯಲ್ಲಿ ಹಾಕಬಾರದು.

ದವಡೆಯ ಮೂಳೆ ಎನಾಮಲ್‌ನಷ್ಟು ನಿರ್ದಯಿಯಲ್ಲ. ಅದು ಕರಗುತ್ತಾ ಕಟ್ಟುತ್ತಾ ಇರುವುದರಿಂದ ಕೊರತೆ ನೀಗಿದರೆ ಚೇತರಿಸಿಕೊಳ್ಳುತ್ತದೆ. ರಿಕೆಟ್ಸ್ ಬಂದ ಮಗುವಿನಲ್ಲಿ ಹಲ್ಲು ಮೂಡುವುದು ತಡವಾಗುತ್ತದೆ. ಒಂದೂಕಾಲು ವರ್ಷವಾದರೂ ಒಂದು ಹಲ್ಲೂ ಕಾಣದೆ, ಮಣಿಕಟ್ಟು ದಪ್ಪಗಾಗಿದ್ದರೆ ವೈದ್ಯರಿಗೆ ತೋರಿಸಬೇಕು. ದವಡೆಗೆ ಅಗಿಯುವ ಕೆಲಸವೂ ಬೇಕು. ಎರಡು ವರ್ಷದ ಮಗುವಿಗೂ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕೊಡುವ ರೂಢಿ ನನಗಂತೂ ಹಿಡಿಸದು. ಹಾಗೆಂದು ಹಲ್ಲು ಒತ್ತೊತ್ತಾಗಿ ಬಂದದ್ದಕ್ಕೆಲ್ಲ ಮೆತ್ತನೆ ಊಟವೇ ಕಾರಣವಲ್ಲ, ವಂಶದ ಪಾಲು ದೊಡ್ಡದು.

ದವಡೆಹಲ್ಲು ಈಗಾಗಲೇ ದುರ್ಬಲವಾಗಿ ಮೂಡಿದ್ದರೆ ದಂತವೈದ್ಯರು ಅದರ ಮೇಲಿನ ಗೀರುಗಳಿಗೆ ಸೀಲೆಂಟ್ ತುಂಬಿ ಮುಚ್ಚಬಲ್ಲರು. ಹಲ್ಲು ಹುಳುಕಾಗುವ ಮೊದಲೇ, ಅಂದರೆ ಮೂಡಿದ ಕೆಲವೇ ತಿಂಗಳೊಳಗೆ ಹೋದರೆ ಅದು ಸುಲಭ.